ಸಣ್ಣ ಧಾರೆಯಲ್ಲಿ ವಾಟರ್ ಮೀಟರ್ ಸರಿಯಾಗಿ ಓಡುತ್ತಾ? ಬಕೆಟ್ ಇಟ್ಟು ಪತ್ತೆ ಹಚ್ಚುವ ಬಗೆ

ನಲ್ಲಿ ಸಣ್ಣಗೆ ಬಿಟ್ಟು ಬಕೆಟ್ ತುಂಬಿಸಿದ್ದೀರಿ. ಮೀಟರ್ 10 ಲೀಟರ್ ಅನ್ನುತ್ತಿದೆ, ಬಕೆಟ್‌ನಲ್ಲಿ ಒಂಬತ್ತು ಚಿಲ್ಲರೆ ಲೀಟರ್ ಮಾತ್ರ ಇದೆ. ಮೀಟರ್ ಜೋರಾಗಿ ಓಡುತ್ತಿದೆ, ಬಿಲ್ ಜಾಸ್ತಿ ಬರೋದು ಇದಕ್ಕೇ ಅಂತ ಅರ್ಜಿ ಬರೆಯೋಕೆ ಕೂರಬೇಡಿ, ಸ್ವಲ್ಪ ತಡೆಯಿರಿ. ಸಣ್ಣ ಧಾರೆಯಲ್ಲಿ ಮೀಟರ್ ಜಾಸ್ತಿ ತೋರಿಸಿದರೆ ಹೆಚ್ಚಿನ ಸಲ ತಪ್ಪು ಮೀಟರಿನದ್ದಲ್ಲ, ಪರೀಕ್ಷೆಯದ್ದು. ಮೀಟರ್ ದಾಟಿದ ಮೇಲೆ ನಿಮ್ಮ ಬಕೆಟ್‌ಗೆ ಬರದೆ ನೀರು ಬೇರೆ ಎಲ್ಲೋ ಹೋಗಿರುತ್ತದೆ.

ಯಾಕೆ ಅಂತ ತಿಳಿಯೋಕೆ ಮೀಟರ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು. ನಮ್ಮ ಕಡೆ ಮನೆಗಳಿಗೆ ಹಾಕುವುದು ಹೆಚ್ಚಾಗಿ ಅರ್ಧ ಇಂಚಿನ, ಅಂದರೆ 15 ಎಂಎಂ ಮಲ್ಟಿಜೆಟ್ ಮೀಟರ್. ಒಳಗೆ ಒಂದು ಪ್ಲಾಸ್ಟಿಕ್ ಚಕ್ರ ಇರುತ್ತದೆ. ಸುತ್ತಲಿನ ಸಣ್ಣ ತೂತುಗಳಿಂದ ನೀರು ಬಂದು ಅದರ ರೆಕ್ಕೆಗೆ ಹೊಡೆಯುತ್ತದೆ, ಚಕ್ರ ತಿರುಗುತ್ತದೆ, ಆ ಸುತ್ತುಗಳನ್ನೇ ಮೀಟರ್ ಲೀಟರ್ ಲೆಕ್ಕದಲ್ಲಿ ತೋರಿಸುತ್ತದೆ. ನೀರು ಜೋರಾಗಿದ್ದಾಗ ಚಕ್ರದ ಕಡ್ಡಿ ಉಜ್ಜುವುದು ಲೆಕ್ಕಕ್ಕೇ ಬರುವುದಿಲ್ಲ. ನೀರು ಸಣ್ಣದಾದಂತೆ ತಳ್ಳುವ ಬಲ ಕಡಿಮೆಯಾಗುತ್ತದೆ, ಉಜ್ಜಾಟ ಮಾತ್ರ ಹಾಗೇ ಇರುತ್ತದೆ. ಆಗ ಸ್ವಲ್ಪ ನೀರು ಚಕ್ರವನ್ನು ತಿರುಗಿಸದೆ ಪಕ್ಕದಿಂದ ನುಸುಳಿ ಹೋಗುತ್ತದೆ. ಇನ್ನೂ ಸಣ್ಣದಾದರೆ ಚಕ್ರ ನಿಂತೇ ಬಿಡುತ್ತದೆ, ನೀರು ಮಾತ್ರ ಹೋಗುತ್ತಲೇ ಇರುತ್ತದೆ. ವರ್ಷಗಳಾದಂತೆ ಕಡ್ಡಿ ಸವೆಯುತ್ತದೆ, ಮಳೆಗಾಲದ ಕೆಸರು ಮರಳು ಸೇರುತ್ತದೆ, ಈ ಕಾಯಿಲೆ ಜಾಸ್ತಿಯಾಗುತ್ತದೆ. ಹಾಗಾಗಿ ಸಣ್ಣ ಧಾರೆಯಲ್ಲಿ ಹಳೆ ಮೀಟರ್ ಹಿಂದೆ ಬೀಳುವುದೇ ಸಹಜ.

ಎಷ್ಟರವರೆಗೆ ಹಿಂದೆ ಬೀಳಬಹುದು ಅನ್ನೋದಕ್ಕೆ ಲೆಕ್ಕ ಇದೆ. ಮನೆ ಮೀಟರ್‌ಗಳಿಗೆ ಇರುವ ಭಾರತೀಯ ಮಾನಕ ಐಎಸ್ 779. ಮೀಟರ್ ಮುಖದ ಮೇಲೆ ಅದು ಕ್ಲಾಸ್ ಎ ಅಥವಾ ಬಿ ಅಂತ ಬರೆದಿರುತ್ತದೆ. 15 ಎಂಎಂ ಕ್ಲಾಸ್ ಬಿ ಮೀಟರ್ ಗಂಟೆಗೆ 30 ಲೀಟರ್‌ನಿಂದ 120 ಲೀಟರ್‌ವರೆಗಿನ ಸಣ್ಣ ಹರಿವಿನಲ್ಲಿ ಶೇ. 5ರಷ್ಟು ಆಚೀಚೆ ಇರಬಹುದು. 120 ದಾಟಿದ ಮೇಲೆ ಶೇ. 2 ಮಾತ್ರ. ಕ್ಲಾಸ್ ಎ ಆದರೆ ಈ ಗಡಿಗಳು 60 ಮತ್ತು 150 ಲೀಟರ್. ಇದು ಹೊಸ ಮೀಟರಿನ ಲೆಕ್ಕ. ಬಳಕೆಯಲ್ಲಿರುವ ಮೀಟರಿಗೆ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಇದರ ಎರಡರಷ್ಟು ಬಿಟ್ಟುಕೊಡುತ್ತಾರೆ. 30 ಲೀಟರ್‌ಗಿಂತ ಕೆಳಗೆ ಕ್ಲಾಸ್ ಬಿ ಮೀಟರ್ ಏನು ತೋರಿಸಿದರೂ ಯಾರೂ ಜವಾಬ್ದಾರರಲ್ಲ. ಗಂಟೆಗೆ 30 ಲೀಟರ್ ಅಂದರೆ ನಿಮಿಷಕ್ಕೆ ಅರ್ಧ ಲೀಟರ್, ಬೇಸಿಗೆಯಲ್ಲಿ ನಮ್ಮ ಬೀದಿ ನಲ್ಲಿಗಳಲ್ಲಿ ಬರುವಷ್ಟು ಸಣ್ಣ ಧಾರೆ. ಪರೀಕ್ಷೆ ಮಾಡಬೇಕಾದ್ದು ಅಲ್ಲೇ, ಕ್ಲಾಸ್ ಎ ಆದರೆ 60 ಲೀಟರ್‌ನಲ್ಲಿ.

ಅಳತೆ ಮೊದಲು ಸರಿಯಿರಲಿ

ಬಕೆಟ್ ಒಳಗೆ ಅಚ್ಚು ಹಾಕಿರುವ ಲೀಟರ್ ಗೆರೆ ನಂಬಬೇಡಿ. ಗೆರೆ ಸರಿಯಿದ್ದರೂ ಬಕೆಟ್ ಬಾಯಿ ಅಗಲ. ಒಂದು ಅಡಿ ಹತ್ತಿರದ ಅಗಲದ ಬಕೆಟ್‌ನಲ್ಲಿ ನೀರಿನ ಮಟ್ಟ ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ 60 ಮಿ.ಲೀ.ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಶೇ. 5ರ ದೋಷ ಹುಡುಕುವವರಿಗೆ ಅದು ಸಣ್ಣ ವಿಷಯವಲ್ಲ.

ತೂಕ ಮಾಡಿಬಿಡಿ, ಅದೇ ಒಳ್ಳೆಯದು. ಒಂದು ಲೀಟರ್ ನೀರು ಒಂದು ಕೆಜಿ ಅಂತ ಇಟ್ಟುಕೊಂಡರೆ ನಮ್ಮ ಹವೆಯಲ್ಲಿ ಬರುವ ತಪ್ಪು ಶೇ. 0.5ಕ್ಕಿಂತ ಜಾಸ್ತಿ ಇರುವುದಿಲ್ಲ. ಕಾಳುಮೆಣಸು, ಏಲಕ್ಕಿ ತೂಗುವ ಟೇಬಲ್ ಮೇಲಿನ ಎಲೆಕ್ಟ್ರಾನಿಕ್ ತಕ್ಕಡಿ ನಮ್ಮ ಕಡೆ ತೋಟ ಇರುವ ಮನೆಗಳಲ್ಲಿ, ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. 30 ಕೆಜಿವರೆಗೆ ತೂಗುವಂಥದ್ದು, ಐದೋ ಹತ್ತೋ ಗ್ರಾಂ ವ್ಯತ್ಯಾಸ ತೋರಿಸುವಂಥದ್ದು ಸಾಕು. ಖಾಲಿ ಬಕೆಟ್ ಇಟ್ಟು ಸೊನ್ನೆ ಮಾಡಿಕೊಳ್ಳಿ.

ತಕ್ಕಡಿ ಸಿಗದಿದ್ದರೆ 20 ಲೀಟರ್ ಕುಡಿಯುವ ನೀರಿನ ಕ್ಯಾನ್ ಬಳಸಿ. ಎಣ್ಣೆ ಅಂಗಡಿಯಲ್ಲಿ ಸರ್ಕಾರಿ ಮುದ್ರೆ ಇರುವ ಲೀಟರ್ ಅಳತೆ ಇರುತ್ತದೆ. ಅದರಲ್ಲಿ ಅಳೆದು ಕ್ಯಾನ್‌ನ ಕುತ್ತಿಗೆವರೆಗೆ ತುಂಬಿಸಿ, ಎಷ್ಟು ಹಿಡಿಯಿತು ಅಂತ ಬರೆದುಕೊಂಡು, ಕುತ್ತಿಗೆಯ ಮೇಲೆ ಗೆರೆ ಹಾಕಿ. ಕುತ್ತಿಗೆ ಕಿರಿದಾದ್ದರಿಂದ ಮಟ್ಟದಲ್ಲಿ ಸ್ವಲ್ಪ ತಪ್ಪಿದರೂ ಲೀಟರ್‌ನಲ್ಲಿ ಏನೂ ಆಗುವುದಿಲ್ಲ. ತೊಂದರೆ ಅಂದರೆ 20 ಲೀಟರ್ ತುಂಬೋಕೆ ಸಣ್ಣ ಧಾರೆಯಲ್ಲಿ 40 ನಿಮಿಷ ಬೇಕು. ಅಷ್ಟು ಹೊತ್ತು ನೀರಿನ ಒತ್ತಡ ಒಂದೇ ಸಮ ಇರೋದು ಅನುಮಾನ.

ಮುಳ್ಳು ನೋಡಿಕೊಂಡು ಹಿಡಿಯುವುದು

ಮೀಟರ್ ಮುಖದಲ್ಲಿ ಕಪ್ಪು ಅಂಕಿಗಳು ಘನ ಮೀಟರ್, ಅಂದರೆ ಸಾವಿರ ಲೀಟರ್ ಲೆಕ್ಕ. ಕೆಂಪು ಮುಳ್ಳುಗಳಿರುವ ಸಣ್ಣ ವೃತ್ತಗಳು ಅದರ ಕೆಳಗಿನ ಭಾಗ. `x0.0001` ಅಂತ ಬರೆದಿರುವ ವೃತ್ತ ನಮಗೆ ಬೇಕಾದ್ದು. ಅದರ ಒಂದು ಅಂಕಿ 100 ಮಿ.ಲೀ., ಒಂದು ಪೂರ್ತಿ ಸುತ್ತು ಒಂದು ಲೀಟರ್. ಪಕ್ಕದ `x0.001` ಮುಳ್ಳು ಒಂದು ಸುತ್ತು ಬಂದರೆ 10 ಲೀಟರ್. ಮಧ್ಯದಲ್ಲಿ ನಕ್ಷತ್ರದ ಥರ ಇರುವ ಹಲ್ಲಿನ ಸಣ್ಣ ಚಕ್ರ ನೀರು ಓಡುತ್ತಿದೆಯಾ ಇಲ್ವಾ ಅಂತ ತೋರಿಸೋಕೆ ಮಾತ್ರ.

ನಲ್ಲಿ ನಿಲ್ಲಿಸಿ ಮೀಟರ್ ಓದಿ, ನಲ್ಲಿ ಬಿಟ್ಟು ತುಂಬಿಸಿ, ಮತ್ತೆ ನಿಲ್ಲಿಸಿ ಓದುವುದು ಎಲ್ಲರಿಗೂ ಗೊತ್ತಿರುವ ದಾರಿ. ಜೋರಾದ ನೀರಿಗೆ ಅದೇ ಸರಿ. ಆದರೆ ಸಣ್ಣ ಧಾರೆಗೆ ಓಡುವ ಮುಳ್ಳನ್ನೇ ನೋಡಿಕೊಂಡು ಹಿಡಿಯುವುದು ಇನ್ನೂ ಚೆನ್ನ. ಮೊದಲು ಧಾರೆ ಹೊಂದಿಸಿಕೊಂಡು ನೀರು ಚರಂಡಿಗೋ ಗಿಡಕ್ಕೋ ಹೋಗಲು ಬಿಡಿ. `x0.0001` ಮುಳ್ಳು ಸೊನ್ನೆ ದಾಟುವ ಕ್ಷಣಕ್ಕೆ ಪೈಪನ್ನು ಬಕೆಟ್ ಒಳಗೆ ಹಾಕಿ. ಹತ್ತು ಸುತ್ತು ಎಣಿಸಿ. ಹತ್ತನೇ ಸಲ ಸೊನ್ನೆಗೆ ಬಂದಾಗ ಪೈಪ್ ಹೊರಗೆ ತೆಗೆಯಿರಿ. ಈಗ ಮೀಟರ್ ಲೆಕ್ಕ ಸರಿಯಾಗಿ 10 ಲೀಟರ್, ಬಕೆಟ್‌ನಲ್ಲಿ ಎಷ್ಟಿದೆ ಅಂತ ತೂಗಿದರೆ ಆಯಿತು. ನಿಮಿಷಕ್ಕೆ ಅರ್ಧ ಲೀಟರ್ ಹರಿವಿನಲ್ಲಿ ನೀವು ಒಂದು ಸೆಕೆಂಡ್ ತಡ ಮಾಡಿದರೂ ತಪ್ಪುವುದು 8 ಮಿ.ಲೀ. ಅಷ್ಟೇ. ಮೀಟರ್ ಗೇಟ್ ಹತ್ತಿರ ಇದ್ದು ನಲ್ಲಿ ಹಿಂದೆ ಇದ್ದರೆ ಒಬ್ಬರು ಮುಳ್ಳು ನೋಡಿ ಕೂಗಬೇಕು, ಇನ್ನೊಬ್ಬರು ಪೈಪ್ ಹಿಡಿಯಬೇಕು.

ಧಾರೆ ಹೊಂದಿಸೋಕೆ ಅರ್ಧ ಲೀಟರ್ ಅಳತೆಯ ಪಾತ್ರೆ, ಮೊಬೈಲ್‌ನ ಸ್ಟಾಪ್‌ವಾಚ್ ಸಾಕು. 60 ಸೆಕೆಂಡ್‌ಗೆ ತುಂಬಿದರೆ ಗಂಟೆಗೆ 30 ಲೀಟರ್. 15 ಸೆಕೆಂಡ್‌ಗೆ ತುಂಬಿದರೆ 120. ಮೀಟರ್ ದಾಟಿದ ಮೇಲಿರುವ ನಲ್ಲಿಯಲ್ಲೇ ಸಣ್ಣ ಮಾಡಿ, ಮೀಟರ್ ಹಿಂದಿನ ವಾಲ್ವ್ ಪೂರ್ತಿ ತೆರೆದಿರಲಿ. ಅರ್ಧ ಸುತ್ತಿಗೆ ಪೂರ್ತಿ ತೆರೆಯುವ ಹೊಸ ನಲ್ಲಿಗಳಲ್ಲಿ ಇಷ್ಟು ಸಣ್ಣ ಧಾರೆ ನಿಲ್ಲಿಸೋದು ಕಷ್ಟ. ತುದಿಗೆ ಡ್ರಿಪ್ ಪೈಪಿನ ಸಣ್ಣ ವಾಲ್ವ್ ಒಂದನ್ನು ಕಟ್ಟಿಕೊಂಡರೆ ಸುಲಭ. ಮತ್ತೆ ಪ್ರತಿ ಸುತ್ತಿಗೆ ಎಷ್ಟು ಸೆಕೆಂಡ್ ಆಯಿತು ಅಂತ ಬರೆಯುತ್ತಾ ಹೋಗಿ. ಸುತ್ತುಗಳ ಸಮಯ ಒಂದೇ ಥರ ಇದ್ದರೆ ಹರಿವು ಸಮನಾಗಿತ್ತು ಅಂತ. ನಡುವೆ ಒಂದು ಸುತ್ತು ಏಕಾಏಕಿ ತಡವಾದರೆ ಪಕ್ಕದ ಮನೆಯವರು ಮೋಟರ್ ಹಾಕಿರಬಹುದು, ಆ ಸಲದ್ದನ್ನು ಬಿಟ್ಟು ಇನ್ನೊಮ್ಮೆ ಮಾಡಿ.

ದೋಷದ ಲೆಕ್ಕ ಹೀಗೆ:

```
ದೋಷ (%) = (ಮೀಟರ್ ಲೀಟರ್ − ಬಕೆಟ್ ಲೀಟರ್) ÷ ಬಕೆಟ್ ಲೀಟರ್ × 100
```

ಉತ್ತರ ಕಳೆ ಬಂದರೆ ಮೀಟರ್ ಕಡಿಮೆ ತೋರಿಸುತ್ತಿದೆ, ಕೂಡು ಬಂದರೆ ಜಾಸ್ತಿ. ಮನೆಯಲ್ಲಿ ಮಾಡುವ ಈ ಪರೀಕ್ಷೆಯಲ್ಲಿ ಎಷ್ಟೇ ಜಾಗ್ರತೆ ವಹಿಸಿದರೂ ಶೇ. 1ರಷ್ಟು ಆಚೀಚೆ ಆಗಿಯೇ ಆಗುತ್ತದೆ. ಹಾಗಾಗಿ ಶೇ. 2ರ ಗಡಿಯ ಬಗ್ಗೆ ಇದರಿಂದ ವಾದ ಮಾಡೋಕೆ ಆಗಲ್ಲ, ಶೇ. 5 ದಾಟಿದ್ದನ್ನು ಧೈರ್ಯವಾಗಿ ಹೇಳಬಹುದು.

ಚಕ್ರ ನಿಂತಿದೆ ಅಂದಮಾತ್ರಕ್ಕೆ ಸೋರಿಕೆ ಇಲ್ಲ ಅಂತಲ್ಲ

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಪರೀಕ್ಷೆಗೆ ಮುಂಚೆ ಎಲ್ಲಾ ನಲ್ಲಿ ನಿಲ್ಲಿಸಿ ಹಲ್ಲಿನ ಚಕ್ರ ನೋಡಿ, ಅದು ಅಲ್ಲಾಡದಿದ್ದರೆ ಲೈನಿನಲ್ಲಿ ಸೋರಿಕೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೊಸ ಮೀಟರಿಗೆ ಅದು ಬಹುಮಟ್ಟಿಗೆ ನಿಜ. ಆದರೆ ನೀವು ಪರೀಕ್ಷೆ ಮಾಡುತ್ತಿರುವುದೇ ಸಣ್ಣ ಧಾರೆಗೆ ತಿರುಗುತ್ತದೋ ಇಲ್ವೋ ಅಂತ ಅನುಮಾನ ಇರುವ ಮೀಟರನ್ನು ಅಲ್ವಾ? ಅದೇ ಮೀಟರ್ ಕೊಡುವ ಸಾಕ್ಷಿಯನ್ನು ನಂಬಿ ಸೋರಿಕೆ ಇಲ್ಲ ಅಂದುಕೊಂಡರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ.

ಚಿಕ್ಕಮಗಳೂರಿನಲ್ಲಿ ನಮ್ಮ ಬೀದಿಯ ಒಂದು ಮನೆಯಲ್ಲಿ ಆದದ್ದು ಇದೇ. ನಮ್ಮೂರಿನ ಬಹಳ ಮನೆಗಳಂತೆ ಅಲ್ಲೂ ಮೀಟರ್‌ನಿಂದ ಬಂದ ಲೈನ್ ಎರಡಾಗಿ ಒಡೆಯುತ್ತದೆ. ಒಂದು ಅಂಗಳದ ನಲ್ಲಿಗೆ, ಇನ್ನೊಂದು ಸಂಪಿಗೆ. ಸಂಪಿನ ಬಾಯಲ್ಲಿ ಫ್ಲೋಟ್ ವಾಲ್ವ್. ಬಿಲ್ ಏರುತ್ತಿದೆ ಅಂತ ಯಜಮಾನರು ಬಕೆಟ್ ಇಟ್ಟು ನೋಡಿದ್ದರು, ಮೀಟರ್ ಶೇ. 8 ಜಾಸ್ತಿ ತೋರಿಸಿತ್ತು. ನಾನು ಹೋದಾಗ ಸಂಪು ತುಂಬಿತ್ತು, ಎಲ್ಲಾ ನಲ್ಲಿ ನಿಲ್ಲಿಸಿದಾಗ ಮೀಟರ್ ಚಕ್ರ ಕಲ್ಲಿನ ಹಾಗೆ ನಿಂತಿತ್ತು.

"ನೋಡಿ, ಚಕ್ರ ಅಲ್ಲಾಡ್ತಾ ಇಲ್ಲ. ಲೀಕ್ ಇದ್ರೆ ತಿರುಗಬೇಕಿತ್ತು ಅಲ್ವಾ?" ಅಂದರು.

"ಅಣ್ಣ, ಲೀಕ್ ಒಂದೇ ಇದ್ರೆ ಅದನ್ನ ತಿರುಗಿಸೋಷ್ಟು ಶಕ್ತಿ ಇಲ್ಲದೇ ಇರಬಹುದು. ಸಂಪಿನ ಮುಚ್ಚಳ ತೆಗೀರಿ, ನೋಡೋಣ" ಅಂದೆ.

ಅವರದೇ ತಕ್ಕಡಿಯಲ್ಲಿ ಮತ್ತೆ ಪರೀಕ್ಷೆ ಮಾಡಿದೆವು. ನಲ್ಲಿ ಗಂಟೆಗೆ 30 ಲೀಟರ್. ಮುಳ್ಳು ಹತ್ತು ಸುತ್ತು ಬಂದಿತು, ಬಕೆಟ್‌ನಲ್ಲಿ ಸಿಕ್ಕಿದ್ದು 9.26 ಲೀಟರ್. ಅವರು ಹೇಳಿದ ಶೇ. 8 ಹಾಗೇ ಬಂತು. ಆಮೇಲೆ ಸಂಪಿನ ಫ್ಲೋಟ್ ವಾಲ್ವ್ ಬಾಯಿಗೆ ಟಾರ್ಚ್ ಬಿಟ್ಟರೆ, ಕೆಳಗೆ ನೂಲಿನಂಥ ಒಂದು ಧಾರೆ ಸದ್ದಿಲ್ಲದೆ ಗೋಡೆ ಹಿಡಿದು ಇಳಿಯುತ್ತಿತ್ತು. ತುಂಬಿದ ಸಂಪಿನಿಂದ ಅದು ಓವರ್‌ಫ್ಲೋ ಪೈಪಿನ ಮೂಲಕ ಹೊರಗೆ ಹೋಗುತ್ತಿತ್ತು. ಲೋಟ ಹಿಡಿದರೆ ನಿಮಿಷಕ್ಕೆ ಸುಮಾರು 100 ಮಿ.ಲೀ., ಅಂದರೆ ಗಂಟೆಗೆ 6 ಲೀಟರ್. ಈ 6 ಲೀಟರ್ ಒಂದೇ ಹರಿಯುವಾಗ ಮೀಟರ್ ಅದನ್ನು ಕಾಣುವುದೇ ಇಲ್ಲ. ಆದರೆ ನಲ್ಲಿಯ 30 ಲೀಟರ್ ಚಕ್ರವನ್ನು ಆಗಲೇ ತಿರುಗಿಸುತ್ತಿರುವಾಗ ಈ 6 ಅದಕ್ಕೆ ಸೇರಿಕೊಂಡು ಲೆಕ್ಕಕ್ಕೆ ಬರುತ್ತದೆ. ಬಕೆಟ್‌ಗೆ ಮಾತ್ರ ಬರುವುದಿಲ್ಲ.

ಸಂಪಿಗೆ ಹೋಗುವ ಗೇಟ್ ವಾಲ್ವ್ ಭದ್ರವಾಗಿ ಮುಚ್ಚಿ, ಫ್ಲೋಟ್ ಬಾಯಿಂದ ಒಂದು ಹನಿಯೂ ಬೀಳುತ್ತಿಲ್ಲ ಅಂತ ನೋಡಿಕೊಂಡು, ಮತ್ತೆ ಅದೇ 30 ಲೀಟರ್ ಧಾರೆಯಲ್ಲಿ ಹಿಡಿದೆವು. ಈ ಸಲ ಒಂದೊಂದು ಸುತ್ತಿಗೆ 2 ನಿಮಿಷ 19 ಸೆಕೆಂಡ್ ಆಗುತ್ತಿತ್ತು. ಸರಿಯಾದ ಮೀಟರ್ ಆಗಿದ್ದರೆ ಸರಿಯಾಗಿ 2 ನಿಮಿಷ ಆಗಬೇಕಿತ್ತು. ಹತ್ತು ಸುತ್ತಿಗೆ ಬಕೆಟ್‌ನಲ್ಲಿ 11.6 ಲೀಟರ್. ಲೆಕ್ಕ ಹಾಕಿದರೆ ಶೇ. 13.8 ಕಡಿಮೆ. ಜಾಸ್ತಿ ತೋರಿಸುತ್ತಿದೆ ಅಂದುಕೊಂಡಿದ್ದ ಮೀಟರ್ ನಿಜಕ್ಕೂ ಕಡಿಮೆ ತೋರಿಸುತ್ತಿತ್ತು, ಎರಡು ದೋಷ ಒಂದರ ಮೇಲೊಂದು ಕೂತು ಮೂರನೆಯದೇ ಏನೋ ಕಾಣಿಸಿತ್ತು. ಗಂಟೆಗೆ 120 ಲೀಟರ್‌ನಲ್ಲಿ ಅದೇ ಮೀಟರ್ 10 ಅಂದಾಗ ಬಕೆಟ್‌ನಲ್ಲಿ 10.15, ಶೇ. 1.5 ಕಡಿಮೆ. ನಲ್ಲಿ ಪೂರ್ತಿ ಬಿಟ್ಟಾಗ ಶೇ. 1 ಜಾಸ್ತಿ. ಜೋರಿನಲ್ಲಿ ಸರಿ, ಸಣ್ಣದರಲ್ಲಿ ಹಿಂದೆ. ಸವೆದ ಮೀಟರಿನ ಲಕ್ಷಣ ಇದೇ.

ಹಾಗಾಗಿ ನಿಮ್ಮ ಮನೆಯಲ್ಲೂ ಚಕ್ರ ನೋಡಿ ಸುಮ್ನಾಗಬೇಡಿ. ಮೀಟರ್ ದಾಟಿದ ಮೇಲೆ ನಿಮ್ಮ ಪರೀಕ್ಷೆಯ ನಲ್ಲಿ ಬಿಟ್ಟು ಬೇರೆ ದಾರಿ ಎಷ್ಟಿದೆ ಅಂತ ಒಂದೊಂದಾಗಿ ನೋಡಿ. ವಾಲ್ವ್ ಇದ್ದರೆ ಮುಚ್ಚಿ, ಮುಚ್ಚಿದ ವಾಲ್ವ್ ನಿಜಕ್ಕೂ ಮುಚ್ಚಿದೆಯಾ ಅಂತ ಅದರ ತುದಿಯಲ್ಲಿ ಕಣ್ಣಾರೆ ನೋಡಿ, ಹಳೆ ಗೇಟ್ ವಾಲ್ವ್‌ಗಳು ಪೂರ್ತಿ ಕೂರುವುದೇ ಕಡಿಮೆ. ವಾಲ್ವ್ ಇಲ್ಲದಿದ್ದರೆ ಸಂಪಿನ ಪೈಪ್ ಬಿಚ್ಚಿ ಎಂಡ್ ಕ್ಯಾಪ್ ಹಾಕಿ. ನೆಲದೊಳಗಿನ ಪೈಪ್ ಮೇಲೆ ಅನುಮಾನ ಇದ್ದರೆ ಮೀಟರ್‌ಗೆ ಹತ್ತಿರದ ಜಾಯಿಂಟ್‌ನಲ್ಲೇ ಪ್ಲಂಬರ್ ಕೈಲಿ ಬಿಚ್ಚಿಸಿ ಅಲ್ಲಿಂದಲೇ ಬಕೆಟ್ ಹಿಡಿಯುವುದು ಎಲ್ಲಕ್ಕಿಂತ ಖಚಿತ. ಮೀಟರ್ ಮೇಲಿನ ಸೀಲ್ ಮಾತ್ರ ಮುಟ್ಟಬೇಡಿ.

ದಾರಿ ತಪ್ಪಿಸುವ ಇನ್ನೆರಡು ವಿಷಯ

ಒಂದು ಗಾಳಿ. ಯಗಚಿ ನೀರಾಗಲಿ ಹಿರೇಕೊಳಲೆ ಕೆರೆಯ ನೀರಾಗಲಿ, ನಮ್ಮಲ್ಲಿ ನಲ್ಲಿಗೆ ಬರುವುದು ಬಿಟ್ಟ ಹೊತ್ತಿಗೆ ಮಾತ್ರ. ಖಾಲಿ ಪೈಪಿನಲ್ಲಿದ್ದ ಗಾಳಿಯನ್ನು ನೀರು ಮುಂದೆ ತಳ್ಳಿಕೊಂಡು ಬರುತ್ತದೆ, ಆ ಗಾಳಿಗೂ ಚಕ್ರ ಗಿರಗಿರ ತಿರುಗುತ್ತದೆ. ನೀರು ಬಂದ ಕೂಡಲೇ ಪರೀಕ್ಷೆ ಮಾಡಿದರೆ ಮೀಟರ್ ಜಾಸ್ತಿ ತೋರಿಸಿಯೇ ತೋರಿಸುತ್ತದೆ. ನಲ್ಲಿ ಪೂರ್ತಿ ಬಿಟ್ಟು, ಬುಸ್ ಬುಸ್ ಅನ್ನೋದು ನಿಂತು, ಧಾರೆ ಗಾಜಿನ ಹಾಗೆ ತಿಳಿಯಾಗಿ ಬರುವವರೆಗೆ ಕಾಯಿರಿ. ಆ ಮೊದಲ ಗಾಳಿಯೂ ಬಿಲ್‌ಗೆ ಸೇರುತ್ತದೆ ಅನ್ನುವುದು ನಿಜವಾದ ದೂರೇ, ಆದರೆ ಅದು ಸಣ್ಣ ಧಾರೆಯ ದೋಷವಲ್ಲ, ಬೇರೆಯಾಗಿ ಹೇಳಬೇಕಾದ ವಿಷಯ.

ಇನ್ನೊಂದು ಮೀಟರ್ ಕೂತಿರುವ ರೀತಿ. ಮಲ್ಟಿಜೆಟ್ ಮೀಟರ್ ಮಟ್ಟವಾಗಿ, ಮುಖ ಆಕಾಶಕ್ಕೆ ನೋಡುವಂತೆ ಇರಬೇಕು. ಓದೋಕೆ ಅನುಕೂಲ ಅಂತ ಪಕ್ಕಕ್ಕೆ ತಿರುಗಿಸಿ ಕೂರಿಸಿದ್ದರೆ, ಪೈಪ್ ಜಗ್ಗಿ ಓರೆಯಾಗಿದ್ದರೆ, ಚಕ್ರದ ಭಾರ ಕಡ್ಡಿಯ ಒಂದು ಪಕ್ಕಕ್ಕೆ ಬೀಳುತ್ತದೆ, ಉಜ್ಜಾಟ ಜಾಸ್ತಿಯಾಗುತ್ತದೆ. ಜೋರು ನೀರಿನಲ್ಲಿ ಇದು ಗೊತ್ತೇ ಆಗುವುದಿಲ್ಲ, 30 ಲೀಟರ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಮೇಸ್ತ್ರಿಯ ಮಟ್ಟಗೋಲು ಇಟ್ಟು ನೋಡಿ. ಓರೆ ಇದ್ದರೆ ನೀರು ಸರಬರಾಜು ಶಾಖೆಯವರಿಗೆ ಹೇಳಿ ನೆಟ್ಟಗೆ ಮಾಡಿಸಿ, ಆಮೇಲೆ ಮತ್ತೆ ಪರೀಕ್ಷೆ ಮಾಡಿ. ಮೀಟರ್ ಬದಲಾಯಿಸದೆಯೇ ಅರ್ಧ ದೋಷ ಹೋಗಬಹುದು.

ಇಷ್ಟೆಲ್ಲಾ ನೋಡಿದ ಮೇಲೂ ಸಣ್ಣ ಧಾರೆಯಲ್ಲಿ ಮೀಟರ್ ಶೇ. 5ಕ್ಕಿಂತ ಜಾಸ್ತಿ ಮುಂದೆ ಓಡುತ್ತಿದ್ದರೆ, 30, 120, ಪೂರ್ತಿ ಬಿಟ್ಟ ನಲ್ಲಿ, ಈ ಮೂರು ಹರಿವಿನಲ್ಲೂ ಮುಂದೆಯೇ ಓಡುತ್ತಿದ್ದರೆ, ಆಗ ಮೀಟರ್ ಮೇಲೆ ಅನುಮಾನ ಪಡಲು ಕಾರಣ ಇದೆ. ಒಳಗಿನ ತೂತುಗಳಲ್ಲಿ ಕೆಲವು ಕಸದಿಂದ ಮುಚ್ಚಿಹೋದರೆ ಉಳಿದ ತೂತುಗಳಿಂದ ನೀರು ರಭಸವಾಗಿ ಹೊಡೆದು ಚಕ್ರ ಬೇಗ ತಿರುಗುತ್ತದೆ. ಅದನ್ನು ಬಿಚ್ಚಿ ನೋಡುವ ಹಕ್ಕು ನಮಗಿಲ್ಲ. ಹರಿವು, ಸಮಯ, ಮೀಟರ್ ಲೀಟರ್, ತೂಕ, ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು, ಬೇರೆ ದಾರಿಗಳನ್ನು ಹೇಗೆ ಮುಚ್ಚಿದಿರಿ ಅಂತಲೂ ಬರೆದು, ಮೀಟರ್ ಬಿಚ್ಚಿ ಪರೀಕ್ಷಾ ಬೆಂಚಿನ ಮೇಲೆ ಪರೀಕ್ಷೆ ಮಾಡಿಸಿಕೊಡಿ ಅಂತ ನೀರು ಸರಬರಾಜು ಶಾಖೆಯವರನ್ನು ಕೇಳಿ.

ಮತ್ತೆ ನಮ್ಮ ಬೀದಿಯ ಆ ಮನೆಯ ಬಿಲ್ ಏರಿದ್ದು ಯಾಕೆ? ಫ್ಲೋಟ್ ವಾಲ್ವ್‌ನ ಸೋರಿಕೆ ನೀರು ಬಿಡುವ ಎರಡು ಮೂರು ಗಂಟೆ ಮಾತ್ರ, ಅದರಲ್ಲೂ ಬಹುಪಾಲು ಮೀಟರಿಗೆ ಕಾಣುವುದಿಲ್ಲ. ಜೋರು ನೀರಿನಲ್ಲಿ ಮೀಟರ್ ಸರಿ ಇದೆ. ಹಾಗಾದರೆ ನೀರು ಸಂಪು ದಾಟಿದ ಮೇಲೆ ಎಲ್ಲೋ ಹೋಗುತ್ತಿರಬೇಕು ಅಂತ ರಾತ್ರಿ ಮಲಗುವ ಮುಂಚೆ ಮೇಲಿನ 1000 ಲೀಟರ್ ಟ್ಯಾಂಕಿನಲ್ಲಿ ಕೋಲು ಇಳಿಸಿ ಗುರುತು ಹಾಕಿಸಿದೆ. ಬೆಳಿಗ್ಗೆ ನೋಡಿದರೆ ನೀರು ಸುಮಾರು 5 ಸೆಂ.ಮೀ. ಇಳಿದಿತ್ತು, ಅಂದರೆ 8 ಗಂಟೆಗೆ 48 ಲೀಟರ್ ಹತ್ತಿರ. ಫ್ಲಶ್ ಟ್ಯಾಂಕಿಗೆ ಸ್ವಲ್ಪ ಅಡುಗೆ ಬಣ್ಣ ಹಾಕಿದೆವು. ಯಾರೂ ಫ್ಲಶ್ ಮಾಡದೆಯೇ ಕಮೋಡಿನ ನೀರಿಗೆ ಬಣ್ಣ ಇಳಿಯಿತು. ಇದೂ ಗಂಟೆಗೆ 6 ಲೀಟರಿನ ಸೋರಿಕೆಯೇ, ಫ್ಲೋಟ್ ವಾಲ್ವ್‌ನಷ್ಟೇ. ಆದರೆ ಇದು ಹಗಲೂ ರಾತ್ರಿ ಸೋರುತ್ತದೆ, ದಿನಕ್ಕೆ 144 ಲೀಟರ್. ಸಂಪಿನಿಂದ ಹೋದಷ್ಟನ್ನು ಮತ್ತೆ ತುಂಬುವಾಗ ಫ್ಲೋಟ್ ಪೂರ್ತಿ ತೆರೆದು ನೀರು ಜೋರಾಗಿ ಬರುವುದರಿಂದ ಮೀಟರ್ ಅದನ್ನು ಒಂದು ಲೀಟರೂ ಬಿಡದೆ ಎಣಿಸುತ್ತದೆ. ತಿಂಗಳಿಗೆ ನಾಲ್ಕು ಸಾವಿರ ಲೀಟರ್ ದಾಟುತ್ತದೆ. ಫ್ಲಶ್ ಟ್ಯಾಂಕಿನ ಕೆಳಗಿನ ರಬ್ಬರ್, ಫ್ಲೋಟ್ ವಾಲ್ವ್‌ನ ವಾಷರ್, ಎರಡನ್ನೂ ಅವತ್ತೇ ಬದಲಾಯಿಸಿದರು. ಮೀಟರ್ ಸವೆದಿರುವ ವಿಷಯವನ್ನು ಅಂಕಿಗಳ ಸಮೇತ ಬರೆದು ನೀರು ಸರಬರಾಜು ಶಾಖೆಗೆ ಕೊಟ್ಟಿದ್ದಾರೆ.